ದುಡ್ಡು ಬರೋಕೆ ಪಿನ್ ಬೇಡ: ಫೋನ್ ವಂಚನೆ ಕುರಿತ ಜಾಗೃತಿ ವಿಡಿಯೊಗೆ ಶೀರ್ಷಿಕೆ ಇಡುವ ಅಭ್ಯಾಸ

ಈ ವರ್ಷದ ಶಾಲಾ ಅನುಭವ ಕಾರ್ಯಕ್ರಮದಲ್ಲಿ ನಮ್ಮ ತಂಡದ ಪ್ರಶಿಕ್ಷಣಾರ್ಥಿಗಳು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹಂಚಿಹೋದೆವು. ವಿಷಯಪಾಠಗಳ ಜೊತೆಗೆ ಪ್ರತಿಯೊಬ್ಬರೂ ಸಮುದಾಯಕ್ಕೆ ಉಪಯೋಗವಾಗುವ ನಾಲ್ಕೈದು ನಿಮಿಷದ ಒಂದು ವಿಡಿಯೊ ತಯಾರಿಸಬೇಕಿತ್ತು. ಮೂರೂ ತಾಲ್ಲೂಕಿನಲ್ಲಿ ಹೆಚ್ಚಿನವರು ಆರಿಸಿಕೊಂಡದ್ದು ಫೋನ್ ಮೂಲಕ ನಡೆಯುವ ಹಣದ ವಂಚನೆಯನ್ನು. ಚಿತ್ರಕಥೆ, ಧ್ವನಿ, ಸಂಕಲನಗಳ ಬಗ್ಗೆ ಚರ್ಚೆ ಬೇಗ ಮುಗಿಯಿತು. ಎರಡು ಮಧ್ಯಾಹ್ನ ತೆಗೆದುಕೊಂಡದ್ದು ಶೀರ್ಷಿಕೆ. ಪ್ರಸ್ತುತ ಲೇಖನ ಆ ಚರ್ಚೆಯನ್ನೂ, ನಂತರ ಅದನ್ನೇ ಒಂಬತ್ತನೇ ತರಗತಿಗೆ ಒಂದು ಅವಧಿಯ ಪಾಠವಾಗಿ ಮಾಡಿದ ಬಗೆಯನ್ನೂ ವಿವರಿಸುತ್ತದೆ.

ಸೂಕ್ಷ್ಮ ಬೋಧನೆಯಲ್ಲಿ ನಾವು ಮೊದಲು ಅಭ್ಯಾಸ ಮಾಡುವುದು ಪಾಠ ಪೀಠಿಕೆಯ ಕೌಶಲ. ಪೀಠಿಕೆಯಲ್ಲಿ ಯಾವ ಪ್ರಶ್ನೆ ಎತ್ತುತ್ತೇವೆಯೋ ಪಾಠ ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ವಿಡಿಯೊದ ಶೀರ್ಷಿಕೆಯೂ ಅದೇ ಕೆಲಸ ಮಾಡುತ್ತದೆ. ‘ಫೋನ್‌ನಲ್ಲಿ ಹಣ ಹೇಗೆ ಕದಿಯುತ್ತಾರೆ?’ ಎಂದು ಹೆಸರಿಟ್ಟರೆ ನೋಡುಗ ಕೇಳಿಸಿಕೊಳ್ಳಲು ಕೂರುವುದು ಕದಿಯುವ ಕ್ರಮವನ್ನು. ಬರೆಯುವವರ ಕೈಯೂ ಆ ಕಡೆಗೇ ವಾಲುತ್ತದೆ. ನಮ್ಮ ತಂಡದ ಮೊದಲ ಕರಡಿಗೆ ಇದ್ದದ್ದು ಇದೇ ಬಗೆಯ ಹೆಸರು. ಅದರ ಚಿತ್ರಕಥೆಯಲ್ಲಿ ಸಂತ್ರಸ್ತನ ಪಾಲು ಅರ್ಧ ಪುಟ, ವಂಚಕನ ಪಾಲು ಎರಡು ಪುಟ. ವಂಚಕನ ಪಾತ್ರಕ್ಕೆ ಹಿನ್ನೆಲೆ ಸಂಗೀತ ಕೂಡ ಇತ್ತು!

‘ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತಿರುತ್ತದೆ, ನಾವು ಹೇಳಿದರೆ ನಷ್ಟವೇನು?’ ಎಂದು ಸಹಪಾಠಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ವೃತ್ತಿನಿರತ ವಂಚಕರು ನಮ್ಮ ವಿಡಿಯೊ ನೋಡಿ ಕಲಿಯಬೇಕಾಗಿಲ್ಲ. ನಮ್ಮ ನೋಡುಗರು ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ಮತ್ತು ಅವರ ಮನೆಯವರು. ಈ ವಯಸ್ಸಿನ ಹುಡುಗ ಬ್ಯಾಂಕಿನ ಅಧಿಕಾರಿಯ ಧ್ವನಿಯಲ್ಲಿ ಅಜ್ಜನಿಗೆ ತಮಾಷೆಗೆ ಕರೆ ಮಾಡುವುದು ದೂರದ ಮಾತೇನಲ್ಲ. ಅದಕ್ಕಿಂತ ಗಂಭೀರವಾದದ್ದು, ಕದ್ದ ಹಣವನ್ನು ದಾಟಿಸಲು ವಿದ್ಯಾರ್ಥಿಗಳ ಬ್ಯಾಂಕ್ ಖಾತೆಗಳನ್ನು ಕಮಿಷನ್ ಆಸೆ ತೋರಿಸಿ ಬಾಡಿಗೆಗೆ ಪಡೆಯುವ ರೂಢಿ. ‘ಒಂದೇ ಕರೆಯಲ್ಲಿ ಲಕ್ಷ ಲಕ್ಷ!’ ಎಂಬ ಶೀರ್ಷಿಕೆಯನ್ನು ಅಂಥ ಹುಡುಗ ಎಚ್ಚರಿಕೆಯಾಗಿ ಓದುತ್ತಾನೋ ಆದಾಯವಾಗಿ ಓದುತ್ತಾನೋ ಹೇಳಲಾಗದು. ಹೋದ ಹಣದ ಮೊತ್ತವನ್ನು ಶೀರ್ಷಿಕೆಯಲ್ಲಿ ಇಡಬಾರದು ಎಂದು ನಾವು ಒಪ್ಪಿಕೊಂಡದ್ದು ಇದೇ ಕಾರಣಕ್ಕೆ. ಒಬ್ಬನ ನಷ್ಟದ ಅಂಕಿ ಇನ್ನೊಬ್ಬನ ಲಾಭದ ಅಂಕಿಯೂ ಹೌದು.

ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟು ‘ಸೈಬರ್ ಭದ್ರತೆ: ಒಂದು ಜಾಗೃತಿ’ ಎಂದರೆ ಯಾರೂ ತೆರೆಯುವುದಿಲ್ಲ. ತೆರೆದರೂ ಕರೆ ಬಂದ ಗಳಿಗೆಯಲ್ಲಿ ಅದು ನೆನಪಿಗೆ ಬರುವುದಿಲ್ಲ, ಏಕೆಂದರೆ ಆ ಹೆಸರಿನಲ್ಲಿ ಕರೆಯೂ ಇಲ್ಲ, ಗಳಿಗೆಯೂ ಇಲ್ಲ.

ಯಾರ ಕಡೆಯಿಂದ ನೋಡುವುದು

ಮಧ್ಯದ ದಾರಿ ಕಂಡದ್ದು ಒಂದು ಸರಳ ಕೆಲಸದಿಂದ. ಒಂದು ನಿರ್ದಿಷ್ಟ ವಂಚನೆಯನ್ನು ತೆಗೆದುಕೊಂಡು ಹಾಳೆಯನ್ನು ಎರಡು ಕಾಲಂ ಮಾಡಿದೆವು. ಎಡಗಡೆ, ಫೋನ್ ಹಿಡಿದವನ ಕಣ್ಣಿಗೆ ಕಿವಿಗೆ ಬೀಳುವುದು. ಬಲಗಡೆ, ವಂಚಕ ಸಿದ್ಧಮಾಡಿಕೊಳ್ಳಬೇಕಾದದ್ದು.

ನಾವು ತೆಗೆದುಕೊಂಡದ್ದು ಹಳೆಯ ಬೈಕ್ ಮಾರಾಟದ ಪ್ರಕರಣ. ಇದು ದೇಶದ ಎಲ್ಲ ಕಡೆಯೂ ನಡೆದಿರುವ, ಬ್ಯಾಂಕುಗಳೂ ಪೊಲೀಸರೂ ಮತ್ತೆ ಮತ್ತೆ ಎಚ್ಚರಿಸಿರುವ ಬಗೆ. ಮಳವಳ್ಳಿಯ ಒಬ್ಬ ರೈತ ತನ್ನ ಹಳೆಯ ಬೈಕಿನ ಫೋಟೊವನ್ನು ಮಾರಾಟದ ಆ್ಯಪ್‌ನಲ್ಲಿ ಹಾಕಿದ್ದಾನೆ ಎಂದುಕೊಳ್ಳೋಣ. ಅವನ ಕಾಲಂನಲ್ಲಿ ಬಂದದ್ದು ಇಷ್ಟು: ಗುರುತಿಲ್ಲದವನಿಂದ ಕರೆ ಬರುತ್ತದೆ. ಕೊಳ್ಳುವವನು ಗಾಡಿಯನ್ನು ನೋಡದೆಯೇ, ಒಂದು ರೂಪಾಯಿ ಚೌಕಾಸಿ ಮಾಡದೆ ಒಪ್ಪಿಬಿಡುತ್ತಾನೆ. ತಾನು ಸೈನಿಕ, ದೂರದ ಊರಿನಲ್ಲಿದ್ದೇನೆ ಎನ್ನಬಹುದು. ಮುಂಗಡ ಕಳಿಸುತ್ತೇನೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕೋಡ್‌ನ ಚಿತ್ರ ಕಳಿಸಿ ಸ್ಕ್ಯಾನ್ ಮಾಡಿ ಎನ್ನುತ್ತಾನೆ. ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಬೇರೊಬ್ಬರ ಹೆಸರು, ಒಂದು ಮೊತ್ತ, ಕೆಳಗೆ Pay ಎಂಬ ಗುಂಡಿ ಕಾಣುತ್ತದೆ. ಆಮೇಲೆ ಪಿನ್ ಕೇಳುತ್ತದೆ.

ಬಲಗಡೆಯ ಕಾಲಂನಲ್ಲಿ ಬರಬಹುದಾದ ಪ್ರಶ್ನೆಗಳು ಬೇರೆ. ವಂಚಕನಿಗೆ ನಂಬರ್ ಎಲ್ಲಿಂದ ಸಿಕ್ಕಿತು, ಸಿಮ್ ಯಾರ ಹೆಸರಿನದು, ಹಣ ಯಾವ ಖಾತೆಗೆ ಹೋಗಿ ಅಲ್ಲಿಂದ ಎಲ್ಲಿಗೆ ದಾಟಿತು, ನಂಬಿಸಲು ಯಾವ ಮಾತನ್ನು ಯಾವ ಸರದಿಯಲ್ಲಿ ಆಡಿದ. ಆ ಕಾಲಂನ ಪ್ರಶ್ನೆಗಳನ್ನು ಬರೆದು ಉತ್ತರದ ಜಾಗವನ್ನು ಖಾಲಿ ಬಿಟ್ಟೆವು. ಖಾಲಿ ಬಿಟ್ಟಮೇಲೂ ರೈತನಿಗೆ ಬೇಕಾದ ಒಂದು ಮಾಹಿತಿಯೂ ಕಡಿಮೆಯಾಗಲಿಲ್ಲ. ಅವನು ತಪ್ಪಿಸಿಕೊಳ್ಳಬಹುದಾದ ಎಲ್ಲ ಜಾಗಗಳೂ ಎಡಗಡೆಯ ಕಾಲಂನಲ್ಲೇ ಇವೆ. ಆದ್ದರಿಂದ ನಮ್ಮ ನಿಯಮ: ಶೀರ್ಷಿಕೆಯ ಪ್ರತಿ ಪದವೂ ಎಡಗಡೆಯ ಕಾಲಂನಿಂದ ಬರಬೇಕು.

ಕನ್ನಡ ವ್ಯಾಕರಣ ಪಾಠದ ಭಾಷೆಯಲ್ಲಿ ಹೇಳುವುದಾದರೆ, ಶೀರ್ಷಿಕೆಯ ಕರ್ತೃ ಯಾರು ಎಂದು ಕೇಳಿಕೊಳ್ಳುವುದು. ‘ಕ್ಯೂಆರ್ ಕೋಡ್ ಕಳಿಸಿ ಹಣ ದೋಚುವ ವಿಧಾನ’ ಎಂಬಲ್ಲಿ ಕಳಿಸುವವನೂ ದೋಚುವವನೂ ವಂಚಕ. ನೋಡುಗ ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ‘ಮುಂಗಡ ಕೊಡುವವನು ಸ್ಕ್ಯಾನ್ ಮಾಡು ಅಂದರೆ?’ ಎಂಬಲ್ಲಿ ಮಾತು ಕೇಳಿಸಿಕೊಳ್ಳುತ್ತಿರುವವನು ನೋಡುಗನೇ. ಮುಂದಿನ ಹೆಜ್ಜೆ ಅವನದು. ಕನ್ನಡದ ‘-ದರೆ’ ರೂಪ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ‘ಕೇಳಿದರೆ’, ‘ಬಂದರೆ’, ‘ಅಂದರೆ’ ಎಂದೊಡನೆ ಕೇಳುಗನ ಮನಸ್ಸು ‘ಆಗ ನಾನು ಏನು ಮಾಡಬೇಕು?’ ಎಂಬ ಕಡೆಗೆ ಹೋಗುತ್ತದೆ. ‘ಹೇಗೆ’ ಎಂಬ ಪದವನ್ನು ಪೂರ್ತಿ ಬಿಡಬೇಕಿಲ್ಲ. ‘ಹೇಗೆ ಕದಿಯುತ್ತಾರೆ’ ಬೇಡ, ‘ಹೇಗೆ ಗುರುತಿಸುವುದು’ ಆಗಬಹುದು. ಆದರೆ ತರಗತಿಯಲ್ಲಿ ಗಮನಿಸಿದಂತೆ ಮಕ್ಕಳು ‘ಹೇಗೆ’ಯಿಂದ ಶುರುಮಾಡಿದರೆ ಹತ್ತರಲ್ಲಿ ಎಂಟು ಸಲ ಕಳ್ಳನ ಕಡೆಗೇ ಜಾರುತ್ತಾರೆ.

ಈ ವ್ಯತ್ಯಾಸ ಈಗಾಗಲೇ ಇರುವ ಹೆಸರುಗಳಲ್ಲೂ ಕಾಣುತ್ತದೆ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಚೇರಿ 2022ರಲ್ಲಿ ಹೊರತಂದ ಚಿತ್ರಸಹಿತ ಪುಸ್ತಿಕೆಯ ಹೆಸರು ‘ರಾಜು ಮತ್ತು ನಲವತ್ತು ಕಳ್ಳರು’. ಒಳಗೆ ನಲವತ್ತು ಬಗೆಯ ಮೋಸಗಳಿವೆ, ಆದರೆ ಹೆಸರಿನಲ್ಲಿ ಮೊದಲು ನಿಲ್ಲುವವನು ರಾಜು, ಅಂದರೆ ನಮ್ಮ ನಿಮ್ಮಂಥ ಗ್ರಾಹಕ. ಆಲಿಬಾಬಾನ ಕಥೆ ಗೊತ್ತಿರುವವರಿಗೆ ಕೊನೆಗೆ ಗೆಲ್ಲುವವರು ಯಾರು ಎಂಬುದೂ ಹೆಸರಿನಲ್ಲೇ ಸಿಗುತ್ತದೆ. ಅದರ ಎದುರಿಗೆ 2020ರಲ್ಲಿ ಬಂದ ಜಾಮ್ತಾರಾ ಕುರಿತ ಹಿಂದಿ ವೆಬ್ ಸರಣಿಯನ್ನು ಇಡಬಹುದು. ಅದರ ಉಪಶೀರ್ಷಿಕೆಯ ಅರ್ಥ ಎಲ್ಲರ ನಂಬರೂ ಬರುತ್ತದೆ ಎಂದು. ಅಲ್ಲಿ ಮಾತನಾಡುತ್ತಿರುವುದು ವಂಚಕನ ಕಡೆ. ಅದು ನಾಟಕ, ಅದಕ್ಕೆ ಅದು ಸರಿ. ಪಾಠಕ್ಕೆ ಆ ಧ್ವನಿಯನ್ನು ಎರವಲು ತಂದರೆ ನೋಡುಗ ಯಾರ ಪಕ್ಕದಲ್ಲಿ ಕುಳಿತು ನೋಡುತ್ತಾನೆ ಎಂಬುದೇ ಬದಲಾಗುತ್ತದೆ.

ಶೀರ್ಷಿಕೆ ತುಂಡಾದಾಗ

ಕರ್ತೃವನ್ನು ಸರಿಮಾಡಿದ ಮೇಲೆ ನಮಗೆ ಸಿಕ್ಕ ಎರಡನೇ ತೊಡಕು ಕನ್ನಡಕ್ಕೇ ವಿಶೇಷವಾದದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ನಿಷೇಧಾರ್ಥ ಆ ಕ್ರಿಯಾಪದದ ತುದಿಯಲ್ಲಿ ಅಂಟಿಕೊಂಡಿರುತ್ತದೆ. ‘ಬ್ಯಾಂಕ್ ಮ್ಯಾನೇಜರ್ ಎಂದು ಹೇಳಿಕೊಂಡು ಯಾರಾದರೂ ಕರೆ ಮಾಡಿ ನಿಮ್ಮ ಕಾರ್ಡ್ ನವೀಕರಿಸಲು ಒಟಿಪಿ ಹೇಳಿ ಎಂದರೆ ಹೇಳಬೇಡಿ’ ಎಂಬುದು ಅರ್ಥದಲ್ಲಿ ಒಳ್ಳೆಯ ಶೀರ್ಷಿಕೆ. ಆದರೆ ಫೋನಿನಲ್ಲಿ ವಿಡಿಯೊಗಳ ಪಟ್ಟಿ ತೆರೆದಾಗ ಶೀರ್ಷಿಕೆಗೆ ಸಿಗುವುದು ಸಾಮಾನ್ಯವಾಗಿ ಎರಡು ಸಾಲು. ಮಿಕ್ಕದ್ದು ಮೂರು ಚುಕ್ಕಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಹಂಚಿದಾಗಲೂ ಉದ್ದದ ಹೆಸರು ಕತ್ತರಿಸಿಯೇ ಕಾಣುತ್ತದೆ. ಆಗ ಉಳಿಯುವುದು ‘ನಿಮ್ಮ ಕಾರ್ಡ್ ನವೀಕರಿಸಲು ಒಟಿಪಿ ಹೇಳಿ…’ ಎಂಬಷ್ಟು. ಎಚ್ಚರಿಕೆಯ ಪದವೊಂದು ಮಾತ್ರ ಬಿದ್ದುಹೋಗಿ, ವಂಚಕನ ಮಾತು ಹಾಗೇ ನಿಂತಿದೆ. ಇಂಗ್ಲಿಷಿನಲ್ಲಿ ಬೇಡ ಎನ್ನುವ ಪದ ವಾಕ್ಯದ ಮೊದಲೇ ಬರುವುದರಿಂದ ಅಲ್ಲಿನ ಶೀರ್ಷಿಕೆಗಳನ್ನು ನೋಡಿ ಅನುವಾದ ಮಾಡುವವರ ಗಮನಕ್ಕೆ ಈ ಅಪಾಯ ಬೀಳುವುದೇ ಇಲ್ಲ.

ಅಕ್ಷರಗಳ ಲೆಕ್ಕದಲ್ಲೂ ಎಚ್ಚರ ಬೇಕು. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇಟ್ಟಿದೆ. ಆದರೆ ಯಂತ್ರ ಎಣಿಸುವ ಅಕ್ಷರ ಬೇರೆ, ನಾವು ಎಣಿಸುವ ಅಕ್ಷರ ಬೇರೆ. ‘ಸ್ಕ್ಯಾನ್’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಎರಡು. ಯುನಿಕೋಡ್ ಲೆಕ್ಕದಲ್ಲಿ ಸ, ವಿರಾಮ ಚಿಹ್ನೆ, ಕ, ವಿರಾಮ, ಯ, ದೀರ್ಘ, ನ, ವಿರಾಮ ಎಂದು ಒಟ್ಟು ಎಂಟು. ಒತ್ತಕ್ಷರ ಹೆಚ್ಚಿರುವ ಎರವಲು ಪದಗಳನ್ನು ನಾಲ್ಕೈದು ಸೇರಿಸಿದರೆ ಮಿತಿಯ ಅರ್ಧ ಅಲ್ಲೇ ಮುಗಿಯುತ್ತದೆ.

ಇದಕ್ಕೆ ಪರಿಹಾರವಾಗಿ ಕೆಲವರು ಕ್ರಿಯಾಪದವನ್ನು ಮೊದಲಿಗೆ ತಂದರು: ‘ಹೇಳಬೇಡಿ ಒಟಿಪಿ’. ಅದು ಕನ್ನಡ ಅನ್ನಿಸಲಿಲ್ಲ, ಸಿನಿಮಾ ಪೋಸ್ಟರಿನ ಹಾಗಿತ್ತು. ಇನ್ನು ಕೆಲವರು ಮೊದಲಲ್ಲಿ ‘ಎಚ್ಚರಿಕೆ!’ ಸೇರಿಸಿದರು. ಎಲ್ಲ ವಿಡಿಯೊಗೂ ಅದೇ ಪದವಿದ್ದರೆ ಅದನ್ನು ಯಾರೂ ಓದುವುದಿಲ್ಲ, ಜಾಗ ಮಾತ್ರ ಹೋಗುತ್ತದೆ. ಕೊನೆಗೆ ಉಳಿದದ್ದು ಬೇರೆಯೇ ದಾರಿ. ಬೇಡ ಎಂಬುದನ್ನು ಕಾಪಾಡುವ ಬದಲು, ಬೇಡ ಎನ್ನಬೇಕಾದ ಉದ್ದದ ವಾಕ್ಯವನ್ನೇ ಬಿಟ್ಟು, ನಿಜವಾದ ಒಂದು ಸಂಗತಿಯನ್ನು ಗಿಡ್ಡವಾಗಿ ಹೇಳುವುದು.

ತಪ್ಪು ತಿಳಿವಳಿಕೆಯನ್ನು ತಿದ್ದುವ ಬಗ್ಗೆ ಕೆಲಸ ಮಾಡಿದ ಮನೋವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ಸುಳ್ಳನ್ನು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ‘ಇದು ಸುಳ್ಳು’ ಎನ್ನುವುದಕ್ಕಿಂತ, ಮೊದಲು ನಿಜವನ್ನು ಹೇಳುವುದು ಒಳ್ಳೆಯದು. 2022ರಲ್ಲಿ ಹಲವು ರಾಜ್ಯಗಳಲ್ಲಿ ಹರಿದಾಡಿದ ಕರೆಂಟ್ ಬಿಲ್ಲಿನ ಸಂದೇಶವನ್ನು ನೆನಪಿಸಿಕೊಳ್ಳಬಹುದು: ಹಿಂದಿನ ತಿಂಗಳ ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತ, ಈ ನಂಬರಿಗೆ ಕರೆ ಮಾಡಿ. ಅದರ ಬಗ್ಗೆ ಎಚ್ಚರಿಸಲು ಸಹಪಾಠಿಯೊಬ್ಬರು ‘ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆ ಕರೆಂಟ್ ಕಟ್!’ ಎಂದು ಹೆಸರಿಟ್ಟು, ಮುಖಚಿತ್ರದಲ್ಲಿ ಆ ಸಂದೇಶವನ್ನೇ ಹಾಕಿದ್ದರು. ಕುತೂಹಲ ಹುಟ್ಟಿಸುವುದರಲ್ಲಿ ಸಂದೇಹವಿಲ್ಲ. ಆದರೆ ಆ ಮುಖಚಿತ್ರವನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಊರಿನ ಗುಂಪಿಗೆ ಹಾಕಿದರೆ, ವಿಡಿಯೊ ಹಿಂದೆ ಉಳಿದು ಸಂದೇಶ ಮಾತ್ರ ಮುಂದೆ ಹೋಗುತ್ತದೆ. ನಮ್ಮ ಶ್ರಮದಿಂದಲೇ ವಂಚಕನ ಸಂದೇಶ ಇನ್ನೊಂದು ಸುತ್ತು ಹೊಡೆದಂತಾಯಿತು. ಅವರು ಅದನ್ನು ‘ಕರೆಂಟ್ ಬಿಲ್ ಬಾಕಿನಾ? ರಸೀದಿ ನೋಡಿ, ಕಚೇರಿಗೆ ಕೇಳಿ’ ಎಂದು ಬದಲಿಸಿದರು. ನಮ್ಮ ಜಿಲ್ಲೆಯಲ್ಲಿ ಬಿಲ್ ಕೊಡುವುದು ಚೆಸ್ಕಾಂ. ಹಳೆಯ ರಸೀದಿ ಮನೆಯಲ್ಲೇ ಇರುತ್ತದೆ, ಉಪವಿಭಾಗ ಕಚೇರಿ ಊರಲ್ಲೇ ಇರುತ್ತದೆ.

ಬೈಕಿನ ಪ್ರಕರಣಕ್ಕೆ ಹೆಸರು

ಈಗ ಮಳವಳ್ಳಿಯ ರೈತನಿಗೆ ಬರೋಣ. ಎಡಗಡೆಯ ಕಾಲಂನಲ್ಲಿ ಅವನನ್ನು ಖಚಿತವಾಗಿ ಉಳಿಸುವ ಒಂದೇ ಜಾಗ ಯಾವುದು? ಸೈನಿಕ ಎನ್ನುವ ಮಾತು ನಾಳೆ ವೈದ್ಯ ಎಂದಾಗಬಹುದು. ಬೈಕ್ ಹೋಗಿ ಹಸು, ಹುಲ್ಲಿನ ಮೆದೆ, ಮದ್ದೂರಿನ ಒಂದು ಲೋಡ್ ಎಳನೀರು ಬರಬಹುದು. ಬದಲಾಗದೆ ಉಳಿಯುವುದು ಕೊನೆಯ ಹೆಜ್ಜೆ: ಹಣ ಬರಬೇಕಾದವನ ಕೈಯಲ್ಲಿ ಪಿನ್ ಒತ್ತಿಸುವುದು.

ಮೊದಲು ಬಂದ ಹೆಸರು ‘ಪಿನ್ ಇರುವುದು ಹಣ ಕೊಡಲು ಮಾತ್ರ’. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ನಿಜವಲ್ಲ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಲೂ ಆ್ಯಪ್ ಯುಪಿಐ ಪಿನ್ ಕೇಳುತ್ತದೆ. ತರಗತಿಯಲ್ಲಿ ಒಬ್ಬ ಹುಡುಗಿ ‘ನಮ್ಮಪ್ಪ ಬ್ಯಾಲೆನ್ಸ್ ನೋಡೋಕೂ ಪಿನ್ ಹಾಕ್ತಾರೆ ಮಿಸ್, ಆಗ ದುಡ್ಡು ಹೋಗಲ್ವಲ್ಲ’ ಎಂದರೆ ನಮ್ಮ ನಿಯಮ ಅಲ್ಲೇ ಕುಸಿಯುತ್ತದೆ. ಒಂದು ಕಡೆ ತಪ್ಪಾದ ನಿಯಮವನ್ನು ಜನ ಬೇರೆ ಕಡೆಯೂ ನಂಬುವುದಿಲ್ಲ. ತಿರುಗಿಸಿ ಹೇಳಿದರೆ ಈ ತೊಂದರೆ ಇಲ್ಲ: ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಇದಕ್ಕೆ ಯುಪಿಐ ವ್ಯವಸ್ಥೆಯಲ್ಲಿ ವಿನಾಯಿತಿಯೇ ಇಲ್ಲ.

ನಂತರ ಪದಗಳ ಆಯ್ಕೆ. ನಮ್ಮ ಕಡೆ ಹಳ್ಳಿಗಳಲ್ಲಿ ‘ಯುಪಿಐ’ ಎನ್ನುವವರು ಕಡಿಮೆ. ಯಾವ ಆ್ಯಪ್ ಆದರೂ ಒಂದೇ ಕಂಪನಿಯ ಹೆಸರಿನಿಂದ ಕರೆಯುತ್ತಾರೆ. ಆ ಹೆಸರನ್ನು ಶೀರ್ಷಿಕೆಯಲ್ಲಿ ಹಾಕಿದರೆ ಮೋಸ ಕಂಪನಿಯದೇ ಎಂಬ ಅರ್ಥ ಬರಬಹುದು, ಬೇರೆ ಆ್ಯಪ್ ಬಳಸುವವರು ತಮಗಲ್ಲ ಎಂದುಕೊಳ್ಳಬಹುದು. ಹಾಗಾಗಿ ಎರಡನ್ನೂ ಬಿಟ್ಟು ‘ಪಿನ್’ ಉಳಿಸಿಕೊಂಡೆವು. ‘ಹಣ ಸ್ವೀಕರಿಸಲು’ ಎಂಬುದು ಬ್ಯಾಂಕಿನ ಫಲಕದ ಮಾತು. ಮನೆಯಲ್ಲಿ ಅದು ‘ದುಡ್ಡು ಬರೋಕೆ’. ಹೀಗೆ ‘ದುಡ್ಡು ಬರೋಕೆ ಪಿನ್ ಬೇಡ’ ಆಯಿತು. ಯಂತ್ರದ ಲೆಕ್ಕದಲ್ಲಿ ಖಾಲಿ ಜಾಗವೂ ಸೇರಿ 21 ಅಕ್ಷರ. ಎಲ್ಲೂ ತುಂಡಾಗುವುದಿಲ್ಲ. ಒಂಟಿಯಾಗಿ ಮುಂದೆ ಹೋದರೂ ಅದು ವಂಚಕನ ಮಾತಾಗುವುದಿಲ್ಲ, ವಿಡಿಯೊ ತೆರೆಯದವರಿಗೂ ಪಾಠ ತಲುಪಿರುತ್ತದೆ. ನೋಡುವವರ ಸಂಖ್ಯೆ ಕಡಿಮೆಯಾಗುವುದಿಲ್ಲವೇ ಎಂದು ಮಾರ್ಗದರ್ಶಕರು ಕೇಳಿದರು. ಆಗಬಹುದು. ಶೀರ್ಷಿಕೆಯಲ್ಲೇ ಉತ್ತರವಿದ್ದರೆ ಕೆಲವರು ಅಷ್ಟಕ್ಕೇ ಸಾಕು ಎನ್ನುತ್ತಾರೆ. ನಮ್ಮ ನಿರ್ದಿಷ್ಟ ಉದ್ದೇಶದಲ್ಲಿ ಬರೆದಿರುವುದು ‘ವಿದ್ಯಾರ್ಥಿ ಮತ್ತು ಮನೆಯವರು ಹಣ ಪಡೆಯಲು ಪಿನ್ ಒತ್ತಲು ನಿರಾಕರಿಸುವರು’ ಎಂದು. ವಿಡಿಯೊ ಪೂರ್ತಿ ನೋಡುವರು ಎಂದಲ್ಲ.

ಈ ಬಗೆಯ ಹೆಸರಿಗೆ ಇನ್ನೊಂದು ಅನುಕೂಲವಿದೆ, ಅದು ಹಳತಾಗುವುದಿಲ್ಲ. ಯುಪಿಐಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣ ಕೊಡುವಂತೆ ಕೋರಿಕೆ ಕಳಿಸುವ ಸೌಲಭ್ಯವಿತ್ತು, ವಂಚನೆಗೆ ಬಳಕೆಯಾಗುತ್ತಿತ್ತು. ರಾಷ್ಟ್ರೀಯ ಪಾವತಿ ನಿಗಮ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆ ಸೌಲಭ್ಯದ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟ ವಿಡಿಯೊಗಳು ಅಂದಿಗೆ ಹಳತಾದವು. ಅದೇ ತಿಂಗಳಿನಿಂದ ಕೆಲವು ಪಾವತಿಗಳಿಗೆ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖದ ಗುರುತು ಬಳಸಲೂ ಅವಕಾಶ ಬಂತು. ನಮ್ಮ ಶೀರ್ಷಿಕೆ ಆಗಲೂ ನಿಜವೇ. ಆದರೆ ಪಿನ್ ಕೇಳದಿದ್ದರೆ ಅಪಾಯವಿಲ್ಲ ಎಂದು ಯಾರೂ ತಿಳಿಯಬಾರದು, ಅದಕ್ಕೆ ವಿಡಿಯೊದ ಒಳಗೆ ಒಂದು ವಾಕ್ಯ ಸೇರಿಸಿದೆವು: ದುಡ್ಡು ಬರುವಾಗ ನೀವು ಪಿನ್ ಒತ್ತುವುದೂ ಇಲ್ಲ, ಬೆರಳು ಇಡುವುದೂ ಇಲ್ಲ, ಸ್ಕ್ಯಾನ್ ಮಾಡುವುದೂ ಇಲ್ಲ. ಮದ್ದೂರಿನ ಹೆದ್ದಾರಿ ಬದಿಯ ವಡೆ ಅಂಗಡಿಯ ಉದಾಹರಣೆ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು. ಅಂಗಡಿಯವರು ತಮ್ಮ ಕೋಡನ್ನು ಗೋಡೆಗೆ ಅಂಟಿಸಿ ವಡೆ ಕಟ್ಟುತ್ತಿರುತ್ತಾರೆ. ಸ್ಕ್ಯಾನ್ ಮಾಡುವವರು, ಪಿನ್ ಒತ್ತುವವರು ಗಿರಾಕಿಗಳು. ದುಡ್ಡು ಬರುವವನ ಕೈ ಫೋನನ್ನು ಮುಟ್ಟುವುದೇ ಇಲ್ಲ.

ತರಗತಿಯಲ್ಲಿ

ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇದನ್ನು 40 ನಿಮಿಷದ ಅವಧಿಯಾಗಿ ತೆಗೆದುಕೊಂಡೆ. ವಿಡಿಯೊ ತೋರಿಸುವ ಮೊದಲೇ ಆರು ಶೀರ್ಷಿಕೆಗಳ ಚೀಟಿಗಳನ್ನು ಗುಂಪುಗಳಿಗೆ ಹಂಚಿದೆ. ಎರಡು ವಂಚಕನ ಕಡೆಯವು, ಎರಡು ಅಸ್ಪಷ್ಟ, ಎರಡು ನೋಡುಗನ ಕಡೆಯವು. ‘ಇದರಲ್ಲಿ ಕೆಲಸ ಮಾಡುತ್ತಿರುವವರು ಯಾರು?’ ಎಂಬುದು ಮೊದಲ ಪ್ರಶ್ನೆ. ಕರ್ತೃಪದ ಹುಡುಕುವುದು ಎಂಟನೇ ತರಗತಿಯಿಂದ ಅಭ್ಯಾಸವಿದ್ದುದರಿಂದ ಇದು ಬೇಗ ಆಯಿತು. ಎರಡನೇ ಪ್ರಶ್ನೆ: ‘ಶೀರ್ಷಿಕೆ ಮಾತ್ರ ಓದಿ ವಿಡಿಯೊ ನೋಡದೆ ಹೋದರೆ ನಿನಗೆ ಏನು ಗೊತ್ತಾಗಿರುತ್ತದೆ?’ ಇಲ್ಲಿ ಮಕ್ಕಳು ನಿಂತು ಯೋಚಿಸಿದರು. ‘ಒಟಿಪಿ ಕದಿಯುವ ಮೂರು ಟ್ರಿಕ್‌ಗಳು’ ಎಂಬ ಚೀಟಿ ಹಿಡಿದ ಗುಂಪಿನವನೊಬ್ಬ ‘ಮೂರು ಟ್ರಿಕ್ ಇದೆ ಅಂತ ಗೊತ್ತಾಯ್ತು ಮಿಸ್, ಯಾವ್ದು ಅಂತ ನೋಡ್ಬೇಕು ಅನ್ಸುತ್ತೆ’ ಎಂದ. ಇದಕ್ಕಿಂತ ಒಳ್ಳೆಯ ವಿಮರ್ಶೆ ನಮ್ಮ ಚರ್ಚೆಯಲ್ಲೂ ಬಂದಿರಲಿಲ್ಲ.

ಮೂರನೆಯದಾಗಿ ಚೀಟಿಯ ಬಲತುದಿಯನ್ನು ಮಡಚಿಸಿದೆ, ಎರಡು ಪದ ಮರೆಯಾಗುವಷ್ಟು. ಉಳಿದದ್ದನ್ನು ಗಟ್ಟಿಯಾಗಿ ಓದಲು ಹೇಳಿದೆ. ‘ಒಟಿಪಿ ಹೇಳಿ’ ಎಂದು ಓದಿದ ಕೂಡಲೇ ಇಡೀ ತರಗತಿ ನಕ್ಕಿತು. ವಿವರಣೆ ಬೇಕಾಗಲಿಲ್ಲ. ಈ ಚಟುವಟಿಕೆಗೆ ಕಾಗದ ಬಿಟ್ಟು ಬೇರೇನೂ ಬೇಡ, ಸ್ಮಾರ್ಟ್ ತರಗತಿ ಇಲ್ಲದ ಶಾಲೆಯಲ್ಲೂ ಮಾಡಬಹುದು.

ಕೊನೆಯ ಹದಿನೈದು ನಿಮಿಷ ಮಕ್ಕಳೇ ಶೀರ್ಷಿಕೆ ಬರೆದರು. ಸಾಮಾನ್ಯವಾಗಿ ಬಂದ ದೋಷಗಳು ಎರಡು. ಒಂದು, ‘ನೋಡಿದ್ರೆ ಶಾಕ್ ಆಗ್ತೀರಾ’ ಎಂಬ ಬಗೆಯದು. ಅದನ್ನು ಕರ್ತೃ ಪ್ರಶ್ನೆಯಿಂದಲೇ ಸರಿಮಾಡಬಹುದು. ಇನ್ನೊಂದು ಸೂಕ್ಷ್ಮವಾದದ್ದು: ‘ದಡ್ಡರು ಮಾತ್ರ ಮೋಸ ಹೋಗ್ತಾರೆ’. ಇದರಲ್ಲಿ ವಿಧಾನ ಕಲಿಸುವ ದೋಷ ಇಲ್ಲ, ಆದರೆ ಇದನ್ನು ಓದಿದವನು ನಾಳೆ ಮೋಸ ಹೋದರೆ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಇಲ್ಲಿ ಹೊತ್ತು ಬಹಳ ಮುಖ್ಯ. 1930ಕ್ಕೆ ಬೇಗ ಕರೆ ಮಾಡಿದರೆ, ಅಥವಾ cybercrime.gov.in ನಲ್ಲಿ ದೂರು ದಾಖಲಿಸಿದರೆ, ಹೋದ ಹಣ ಇನ್ನೂ ಎದುರಿನ ಖಾತೆಯಲ್ಲಿ ಇದ್ದಾಗ ಬ್ಯಾಂಕು ಅದನ್ನು ತಡೆಹಿಡಿಯಲು ಸಾಧ್ಯ. ಹಣ ಅಲ್ಲಿಂದ ಮುಂದೆ ದಾಟಿದ ಮೇಲೆ ಕಷ್ಟ. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೆ ಕಳೆದುಕೊಳ್ಳುವುದು ಆ ಅವಕಾಶವನ್ನು. ಅದಕ್ಕೆ ಎಲ್ಲ ಶೀರ್ಷಿಕೆಗಳಿಂದಲೂ ಬೈಗುಳವನ್ನು ತೆಗೆಸಿ, ವಿವರಣೆಯ ಮೊದಲ ಸಾಲಿನಲ್ಲಿ 1930 ಹಾಕಿಸಿದೆ. ಶೀರ್ಷಿಕೆಯಲ್ಲಿ ಬೇಡ, ಅಲ್ಲಿ ಜಾಗವಿಲ್ಲ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಮಂಡ್ಯದಲ್ಲಿದೆ ಎಂಬುದನ್ನು ಬಾಯಲ್ಲಿ ಹೇಳಿದೆ.

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಬಳಸಲಿಲ್ಲ. ಶೀರ್ಷಿಕೆಯನ್ನು ಮನೆಯ ಹಿರಿಯರೊಬ್ಬರಿಗೆ ಒಮ್ಮೆ ಓದಿ ಹೇಳಿ, ಅವರು ಅದರಿಂದ ಏನು ಅರ್ಥಮಾಡಿಕೊಂಡರು ಎಂದು ಅವರದೇ ಮಾತಿನಲ್ಲಿ ಬರೆದುಕೊಂಡು ಬರಲು ಹೇಳಿದೆ. ಉತ್ತರದಲ್ಲಿ ಕಾಪಾಡಿಕೊಳ್ಳುವ ಹೆಜ್ಜೆ ಇದ್ದರೆ ಶೀರ್ಷಿಕೆ ಸರಿ. ಮೋಸದ ಕಥೆ ಮಾತ್ರ ಇದ್ದರೆ ತಿದ್ದಬೇಕು. ಒಬ್ಬಳ ಅಜ್ಜಿ ಹೇಳಿದ್ದು ಹೀಗಿತ್ತು: ‘ಪಿಂಚಣಿ ದುಡ್ಡು ಬರಕ್ಕೆ ನಾನೇನೂ ಒತ್ತಲ್ಲ, ಅದು ಅದಾಗೇ ಬತ್ತದೆ.’ ನಾವು ವಿಡಿಯೊದಲ್ಲಿ ಪಿಂಚಣಿಯ ಮಾತೇ ಎತ್ತಿರಲಿಲ್ಲ.

ಈ ದಾರಿ ಸಾಲದ ಕಡೆ

ಎಲ್ಲ ವಂಚನೆಗೂ ಪಿನ್ನಿನಂಥ ಒಂದೇ ಸಾಲಿನ ನಿಯಮ ಸಿಗುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಆ ಪದವೇ ವಂಚಕರ ಸೃಷ್ಟಿ. ಕಾನೂನಿನಲ್ಲಿ ಅಂಥ ಬಂಧನವಿಲ್ಲ, 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಇದನ್ನು ಹೇಳಿದ್ದಾರೆ. ಶೀರ್ಷಿಕೆಯಲ್ಲಿ ಆ ಪದ ಹಾಕಿದರೆ ಇಲ್ಲದ ವಸ್ತುವಿಗೆ ಹೆಸರು ಕೊಟ್ಟು ಗಟ್ಟಿ ಮಾಡಿದಂತೆ. ಹಾಕದಿದ್ದರೆ ಹೆದರಿ ಆ ಪದವನ್ನೇ ಹುಡುಕುವವರಿಗೆ ನಮ್ಮ ವಿಡಿಯೊ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ‘ವಿಡಿಯೊ ಕಾಲ್‌ನಲ್ಲಿ ಯಾರೂ ಅರೆಸ್ಟ್ ಮಾಡಲ್ಲ’ ಎಂಬುದು ಶೀರ್ಷಿಕೆಯಾಗಿ, ಹುಡುಕುವ ಪದ ಕೆಳಗಿನ ವಿವರಣೆಯಲ್ಲಿ ಇರುವುದು ಸರಿ. ಮಂಡ್ಯದ ಶಾಲೆಗೆ ಹೋಗಿದ್ದ ಗೆಳತಿ ಎರಡನ್ನೂ ಶೀರ್ಷಿಕೆಯಲ್ಲೇ ಇಟ್ಟಳು, ಆದರೆ ಸಂಗತಿ ಮೊದಲು, ಪದ ಆಮೇಲೆ.

ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ .apk ಕಡತದ್ದು ಇನ್ನೂ ಕಷ್ಟ. ಇಲ್ಲಿ ಕಳಿಸಿದವರು ಪರಿಚಿತರೇ ಆಗಿರಬಹುದು, ಅವರ ಫೋನ್ ಮೊದಲೇ ವಂಚಕರ ಕೈಗೆ ಸಿಕ್ಕಿರಬಹುದು. ಹಾಗಾಗಿ ‘ಗುರುತಿಲ್ಲದವರು ಕಳಿಸಿದ್ದನ್ನು ತೆರೆಯಬೇಡಿ’ ಎಂಬ ಹಳೆಯ ಮಾತು ಸಾಲದು. ಕಡತದ ಹೆಸರಿನ ಕೊನೆಯ ಮೂರು ಅಕ್ಷರ ನೋಡಿ ಎಂದರೆ ಇಂಗ್ಲಿಷ್ ಓದಲು ಬಾರದವರಿಗೆ ಉಪಯೋಗವಿಲ್ಲ. ಕಣ್ಣಿಗೆ ಬೀಳುವ ಒಂದು ಗುರುತು ಇದೆ: ಕಾರ್ಡ್ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬಂದರೆ ಸುಮ್ಮನೆ ತೆರೆದುಕೊಳ್ಳುತ್ತದೆ, ಇದು ಮಾತ್ರ ಇನ್‌ಸ್ಟಾಲ್ ಮಾಡಲೇ ಎಂದು ಕೇಳುತ್ತದೆ. ಅದರಿಂದ ‘ಇನ್‌ಸ್ಟಾಲ್ ಕೇಳಿದರೆ ಅದು ಮದುವೆ ಕಾರ್ಡ್ ಅಲ್ಲ’ ಎಂಬ ಹೆಸರು ಬಂತು. ಇದರಲ್ಲೂ ‘ಅಲ್ಲ’ ಕೊನೆಯಲ್ಲೇ ಇದೆ. ಚೀಟಿಯ ತುದಿ ಮಡಚಿ ನೋಡಿದರೆ ‘ಇನ್‌ಸ್ಟಾಲ್ ಕೇಳಿದರೆ ಅದು’ ಎಂದು ನಿಲ್ಲುತ್ತದೆ. ಅರ್ಥ ಅಪೂರ್ಣ, ಆದರೆ ಉಲ್ಟಾ ಆಗುವುದಿಲ್ಲ. ಅಷ್ಟನ್ನು ಒಪ್ಪಿಕೊಂಡು ಅದನ್ನೇ ಉಳಿಸಿಕೊಂಡಿದ್ದೇವೆ. ಇದಕ್ಕಿಂತ ಗಿಡ್ಡದು ಹೊಳೆದವರು ಮುಂದಿನ ಸಂಚಿಕೆಗೆ ಬರೆಯಬಹುದು.